ಠೇವಣಿ ಹಣ ಬ್ಯಾಂಕಿನಲ್ಲೇ ಇದ್ದಿದ್ದರೆ 50,000 ರೂಪಾಯಿಯ ಮಿತಿ ಏಕೆ ಬೇಕಾಯಿತು?

ಚಿದಂಬರ, ತುಮಕೂರು

ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು, ಬ್ಯಾಂಕಿಂಗ್ ನನ್ನ ವಿಷಯವಲ್ಲ. 2020ರ ಮಾರ್ಚ್ 5ರ ಸಂಜೆ ಆರು ಗಂಟೆಯಿಂದ ಯೆಸ್ ಬ್ಯಾಂಕಿನ ಖಾತೆದಾರರು ಏಪ್ರಿಲ್ 3ರವರೆಗೆ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ತೆಗೆಯುವಂತಿಲ್ಲ ಎಂಬ ಆದೇಶ ಹೊರಬಿದ್ದದ್ದು ಇಲ್ಲಿ ಅನೇಕರಿಗೆ ನೆನಪಿರಬಹುದು. ಆ ರಾತ್ರಿ ಫೋನ್‌ಪೇ ಕೂಡ ಸ್ಥಗಿತಗೊಂಡಿತ್ತು, ಏಕೆಂದರೆ ಅದರ ವ್ಯವಹಾರ ಆ ಬ್ಯಾಂಕಿನ ಮೂಲಕವೇ ಸಾಗುತ್ತಿತ್ತು.

ಈಚೆಗೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, “ಸರ್, ಜನರು ಇಟ್ಟ ಹಣ ಜನರು ಕೇಳಿದಾಗ ಇರಲಿಲ್ಲವೆಂದರೆ ಅದು ಮೋಸವಲ್ಲವೇ?” ಎಂದು ಕೇಳಿದಳು. ಬ್ಯಾಂಕುಗಳು ಠೇವಣಿಯ ಹೆಚ್ಚಿನ ಭಾಗವನ್ನು ಸಾಲ ಕೊಡುತ್ತವೆ ಎಂಬಷ್ಟು ಹೇಳಿದೆ. ಎಷ್ಟು ಭಾಗ, ಯಾವ ಧೈರ್ಯದಿಂದ, ಮತ್ತು ಜನರು ಒಟ್ಟಿಗೆ ಹೋಗಿ ಕೇಳಿದ ಮಾತ್ರಕ್ಕೆ ಒಂದು ದೊಡ್ಡ ಬ್ಯಾಂಕ್ ಏಕೆ ಕುಸಿಯಬೇಕು ಎಂಬುದನ್ನು ವಿವರಿಸಲು ನನ್ನಿಂದಾಗಲಿಲ್ಲ. ಬಲ್ಲವರು ತಿಳಿಸಬೇಕು.

ಹಳೇ ಕ್ಯಾಷಿಯರ್

ಮೇಷ್ಟ್ರೇ, ಯಾವ ಧೈರ್ಯದಿಂದ ಎಂಬುದಕ್ಕೆ ನಾನು ಉತ್ತರಿಸಬಲ್ಲೆ. ಮಲೆನಾಡಿನ ಒಂದು ತಾಲ್ಲೂಕು ಶಾಖೆಯಲ್ಲಿ ಬಹುಕಾಲ ನಗದು ಕೌಂಟರ್ ನೋಡಿಕೊಂಡವನು ನಾನು. ಪ್ರತಿ ಶಾಖೆಗೂ ರಾತ್ರಿ ಇಷ್ಟೇ ನಗದು ಉಳಿಸಿಕೊಳ್ಳಬೇಕೆಂಬ ಮಿತಿ ಇರುತ್ತದೆ; ಅದಕ್ಕಿಂತ ಹೆಚ್ಚಾದದ್ದನ್ನು ಕರೆನ್ಸಿ ಚೆಸ್ಟಿಗೆ ಕಳುಹಿಸಬೇಕು, ಕಡಿಮೆಯಾದರೆ ಅಲ್ಲಿಂದ ತರಿಸಬೇಕು. ನಮ್ಮ ಶಾಖೆಯ ಒಟ್ಟು ಠೇವಣಿಯ ಎದುರು ತಿಜೋರಿಯಲ್ಲಿದ್ದ ನೋಟು ನೂರಕ್ಕೆ ಒಂದು ರೂಪಾಯಿಯೂ ಇರುತ್ತಿರಲಿಲ್ಲ. ಹಾಗಿದ್ದೂ ನಗದಿಲ್ಲವೆಂದು ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಿದ ನೆನಪು ನನಗಿಲ್ಲ.

ಕಾರಣ ಸರಳವಾದದ್ದು. ತಿಂಗಳ ಮೊದಲ ವಾರ ಪಿಂಚಣಿಯವರು ತೆಗೆಯುತ್ತಾರೆ, ಅದೇ ವಾರ ಅಂಗಡಿಯವರು ಕಟ್ಟುತ್ತಾರೆ. ಅಡಿಕೆ ಮಾರಾಟದ ದಿನಗಳಲ್ಲಿ ಮಂಡಿಯವರಿಗೆ ಕಂತೆ ಕಂತೆ ಹೋಗುತ್ತದೆ, ಬೆಳೆಗಾರರ ಖಾತೆಗಳ ಮೂಲಕ ಬಹುಪಾಲು ಹದಿನೈದು ದಿನದೊಳಗೆ ಹಿಂತಿರುಗುತ್ತದೆ. ಗೌರಿ ಹಬ್ಬದ ಮುನ್ನಾ ವಾರ ಚೆಸ್ಟಿಗೆ ಹೆಚ್ಚು ಇಂಡೆಂಟ್ ಹಾಕಬೇಕೆಂಬುದು ಗುಮಾಸ್ತನಿಗೂ ಗೊತ್ತಿರುತ್ತಿತ್ತು. ಒಬ್ಬೊಬ್ಬರೂ ತಂತಮ್ಮ ಕಾರಣಕ್ಕೆ ಬರುವವರೆಗೆ ಈ ಅಂದಾಜು ತಪ್ಪುವುದಿಲ್ಲ. ಎಲ್ಲರೂ ಒಂದೇ ಕಾರಣಕ್ಕೆ ಬಂದ ದಿನ ಮಾತ್ರ ಅದು ಉಪಯೋಗಕ್ಕೆ ಬಾರದು.

ಅರುಣೋದಯ

ಕ್ಯಾಷಿಯರ್ ಸಾಹೇಬರು ನಗದಿನ ಬಗ್ಗೆ ಹೇಳಿದ್ದಾರೆ, ಆದರೆ ನಿಜವಾದ ಆಟ ಬೇರೆಯೇ ಇದೆ. ಈಗ ಸಿಆರ್‌ಆರ್ ಶೇಕಡಾ 3 ಮಾತ್ರ. ನೂರು ರೂಪಾಯಿ ಠೇವಣಿ ಬಂದರೆ ಮೂರನ್ನು ರಿಸರ್ವ್ ಬ್ಯಾಂಕಿನಲ್ಲಿಟ್ಟು 97 ಸಾಲ ಕೊಡಬಹುದು. ಆ 97 ಇನ್ನೊಂದು ಬ್ಯಾಂಕಿಗೆ ಠೇವಣಿಯಾಗಿ ಹೋಗುತ್ತದೆ, ಅಲ್ಲಿಂದ ಮತ್ತೆ ಶೇಕಡಾ 97 ಸಾಲವಾಗುತ್ತದೆ. ಹೀಗೆ ಕೂಡಿಸುತ್ತಾ ಹೋದರೆ ಒಂದನ್ನು 0.03ರಿಂದ ಭಾಗಿಸಿದಷ್ಟು, ಅಂದರೆ ನೂರು ರೂಪಾಯಿ 3,333 ರೂಪಾಯಿಯಾಗುತ್ತದೆ. ಮೂವತ್ತಮೂರು ಪಟ್ಟು ಹಣವನ್ನು ಬ್ಯಾಂಕುಗಳು ಗಾಳಿಯಿಂದ ಸೃಷ್ಟಿಸಿವೆ ಎಂದಮೇಲೆ, ಜನರು ಕೇಳಿದಾಗ ಅದು ಇಲ್ಲದಿರುವುದರಲ್ಲಿ ಆಶ್ಚರ್ಯವೇನು? ಆ ವಿದ್ಯಾರ್ಥಿನಿ ಕೇಳಿದ್ದು ಸರಿಯಾಗಿಯೇ ಇದೆ.

ವಸುಧಾ

ಬ್ಯಾಂಕೊಂದರ ಟ್ರೆಷರಿ ವಿಭಾಗದಲ್ಲಿ ಕೆಲಸ ಮಾಡಿ ಹೊರಬಂದವಳು ನಾನು. ಅರುಣೋದಯ ಅವರ ಗುಣಾಕಾರದಲ್ಲಿ ದೋಷವಿಲ್ಲ, ಆದರೆ ಅದು ಹೇಳುವುದು ಮೇಲ್ಮಿತಿಯನ್ನು ಮಾತ್ರ, ನಡೆಯುವ ವ್ಯವಹಾರವನ್ನಲ್ಲ. ಮೊದಲನೆಯದಾಗಿ, ಸಿಆರ್‌ಆರ್ ಜೊತೆಗೆ ಎಸ್‌ಎಲ್‌ಆರ್ ಇದೆ: ಠೇವಣಿಯ ಶೇಕಡಾ 18ರಷ್ಟನ್ನು ಬಹುಪಾಲು ಸರ್ಕಾರಿ ಬಾಂಡುಗಳಲ್ಲಿ ಹೂಡಿರಬೇಕು. ಎರಡನೆಯದಾಗಿ, ಜನರು ಸಾಲದ ಹಣದಲ್ಲಿ ಒಂದು ಭಾಗವನ್ನು ನೋಟುಗಳಾಗಿ ಕೈಯಲ್ಲಿ ಇಟ್ಟುಕೊಳ್ಳುತ್ತಾರೆ. ಹೀಗಾಗಿ ನಮ್ಮ ದೇಶದಲ್ಲಿ ಈ ಗುಣಕ ಮೂವತ್ತಮೂರಲ್ಲ, ಐದಾರರ ಆಸುಪಾಸಿನಲ್ಲಿರುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಬ್ಯಾಂಕ್ ಸಾಲ ಮಂಜೂರು ಮಾಡಿದಾಗ ಬೇರೊಬ್ಬರ ಠೇವಣಿಯನ್ನು ಎತ್ತಿ ಸಾಲಗಾರನ ಕೈಗೆ ಕೊಡುವುದಿಲ್ಲ. ಸಾಲಗಾರನ ಖಾತೆಗೆ ಅಷ್ಟು ಮೊತ್ತವನ್ನು ಜಮಾ ಮಾಡುತ್ತದೆ, ಆಸ್ತಿಯ ಕಡೆ ಸಾಲವೂ ಹೊಣೆಯ ಕಡೆ ಠೇವಣಿಯೂ ಒಟ್ಟಿಗೆ ಹುಟ್ಟುತ್ತವೆ. ಅಷ್ಟರ ಮಟ್ಟಿಗೆ ಅರುಣೋದಯ ಅವರ ಮಾತು ನಿಜ. ಆದರೆ ಸಾಲಗಾರ ಆ ಹಣದಿಂದ ಟ್ರಾಕ್ಟರ್ ಕೊಂಡ ಕೂಡಲೇ ಅದು ಡೀಲರನ ಬ್ಯಾಂಕಿಗೆ ಹೋಗಬೇಕು, ಮತ್ತು ಆ ಪಾವತಿ ನಡೆಯುವುದು ರಿಸರ್ವ್ ಬ್ಯಾಂಕಿನಲ್ಲಿ ಎರಡೂ ಬ್ಯಾಂಕುಗಳು ಹೊಂದಿರುವ ಖಾತೆಗಳ ನಡುವೆ. ಆ ಖಾತೆಯಲ್ಲಿರುವ ಹಣವನ್ನು ಯಾವ ಬ್ಯಾಂಕೂ ತಾನಾಗಿ ಸೃಷ್ಟಿಸಿಕೊಳ್ಳಲಾರದು. ಅದಕ್ಕಾಗಿಯೇ ಬ್ಯಾಂಕುಗಳು ನಮ್ಮ ನಿಮ್ಮ ಠೇವಣಿಗಾಗಿ ಪೈಪೋಟಿ ನಡೆಸುವುದು. ಗಾಳಿಯಿಂದ ಹಣ ಮಾಡುವಂತಿದ್ದರೆ ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಕೊಟ್ಟು ಕರೆಯುವ ಅಗತ್ಯ ಯಾರಿಗೂ ಇರುತ್ತಿರಲಿಲ್ಲ.

ಚಿದಂಬರ ಅವರ ಪ್ರಶ್ನೆಗೆ ಒಂದು ಕಾಲ್ಪನಿಕ ಬ್ಯಾಂಕಿನ ಲೆಕ್ಕ ಕೊಡುತ್ತೇನೆ. ಠೇವಣಿ 100 ಕೋಟಿ, ಷೇರುದಾರರ ಬಂಡವಾಳ 8 ಕೋಟಿ. ಈ 108 ಕೋಟಿಯಲ್ಲಿ ಶಾಖೆಗಳ ನಗದು 1 ಕೋಟಿ, ಸಿಆರ್‌ಆರ್ 3 ಕೋಟಿ, ಸರ್ಕಾರಿ ಬಾಂಡ್ 22 ಕೋಟಿ, ಉಳಿದ 82 ಕೋಟಿ ಸಾಲ. ಎಲ್ಲ ಸಾಲಗಳೂ ಒಳ್ಳೆಯವು, ಕಂತುಗಳು ಸರಿಯಾಗಿ ಬರುತ್ತಿವೆ ಎಂದುಕೊಳ್ಳಿ.

ಈಗ 30 ಕೋಟಿ ಠೇವಣಿ ಕೆಲವೇ ದಿನಗಳಲ್ಲಿ ಹೊರಹೋಗುತ್ತದೆ. ನಗದಿನ 1 ಕೋಟಿ ಮೊದಲು ಹೋಗುತ್ತದೆ. ಠೇವಣಿ ಇಳಿದಂತೆ ಸಿಆರ್‌ಆರ್‌ನಿಂದ ಬಿಡುಗಡೆಯಾಗುವುದು 90 ಲಕ್ಷ ಮಾತ್ರ. ಎಸ್‌ಎಲ್‌ಆರ್ ನಿಯಮವನ್ನು ಲೆಕ್ಕದ ಮಟ್ಟಿಗೆ ಬದಿಗಿಟ್ಟು ಬಾಂಡುಗಳನ್ನೆಲ್ಲ ಮಾರಿದರೂ ಒಟ್ಟು ಸುಮಾರು 24 ಕೋಟಿ ಸಿಗುತ್ತದೆ. ಬಾಕಿ 6 ಕೋಟಿಗೆ ಸಾಲಗಳನ್ನೇ ಮಾರಬೇಕು. ಇಪ್ಪತ್ತು ವರ್ಷದ ಗೃಹಸಾಲವನ್ನು ನಾಳೆ ಬೆಳಗ್ಗೆಯೊಳಗೆ ಕೊಳ್ಳಬೇಕಾದವನು ರೂಪಾಯಿಗೆ ಅರುವತ್ತು ಪೈಸೆ ಕೊಡುತ್ತಾನೆ ಎಂದಿಟ್ಟುಕೊಳ್ಳಿ, ಏಕೆಂದರೆ ಸಾಲಗಾರನ ಪರಿಚಯ ಅವನಿಗಿಲ್ಲ, ಮಾರುವವನಿಗೆ ತುರ್ತಿದೆ ಎಂಬುದು ಗೊತ್ತು. 6 ಕೋಟಿಗಾಗಿ 10 ಕೋಟಿಯ ಸಾಲ ಬಿಟ್ಟುಕೊಟ್ಟು 4 ಕೋಟಿ ನಷ್ಟ. 8 ಕೋಟಿ ಬಂಡವಾಳದಲ್ಲಿ ಅರ್ಧ ಹೋಯಿತು. ಹೊರಹೋದದ್ದು 30ರ ಬದಲು 40 ಕೋಟಿಯಾಗಿದ್ದರೆ ಸುಮಾರು 26 ಕೋಟಿಯ ಸಾಲವನ್ನು 16 ಕೋಟಿಗೆ ಮಾರಬೇಕಾಗಿ ನಷ್ಟ 10 ಕೋಟಿ ದಾಟುತ್ತದೆ. ಬಂಡವಾಳ ಪೂರ್ತಿ ಮುಗಿದು, ಕೊನೆಯಲ್ಲಿ ಉಳಿದ ಠೇವಣಿದಾರರಿಗೆ ಪೂರ್ಣ ಹಣ ಕೊಡುವಷ್ಟು ಆಸ್ತಿ ಇರುವುದಿಲ್ಲ. ಒಂದೇ ಒಂದು ಸಾಲವೂ ಕೆಡದ ಬ್ಯಾಂಕ್ ಇದು ಎಂಬುದನ್ನು ಗಮನಿಸಿ.

ಇದನ್ನು ಬಲ್ಲ ಠೇವಣಿದಾರ, ಬ್ಯಾಂಕ್ ಚೆನ್ನಾಗಿದೆ ಎಂದು ನಂಬಿದ್ದರೂ, ಬೇರೆಯವರು ಹೊರಟಿದ್ದಾರೆಂದು ತಿಳಿದ ಮೇಲೆ ಹಿಂದೆ ಉಳಿಯಲಾರ. ಸರದಿಯಲ್ಲಿ ಮುಂದೆ ನಿಂತವನಿಗೆ ನೂರಕ್ಕೆ ನೂರು, ಹಿಂದೆ ನಿಂತವನಿಗೆ ಉಳಿದದ್ದು. ಜನರ ಅವಿವೇಕ ಎಂದು ಇದನ್ನು ಬೈಯುವವರ ಮಾತು ನನಗೆ ಒಪ್ಪಿಗೆಯಾಗಿಲ್ಲ. ಒಬ್ಬೊಬ್ಬರ ಮಟ್ಟಿಗೆ ಅದು ಸರಿಯಾದ ಲೆಕ್ಕವೇ.

ಲಲಿತಾ, ರಾಜಾಜಿನಗರ

ನನ್ನದೊಂದು ವಿಷಯ ಇಲ್ಲಿ ಕೇಳಬಹುದೇ? ನಮ್ಮ ಕಡೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ನನ್ನ ನಿವೃತ್ತಿಯ ಹಣ ಒಂಬತ್ತು ಲಕ್ಷ ಇಟ್ಟಿದ್ದೆ. ವಿಮೆ 5 ಲಕ್ಷದವರೆಗೆ ಮಾತ್ರ ಎಂದು ಕೇಳಿದ್ದರಿಂದ ಜಾಣತನ ಮಾಡಿ ಐದನ್ನು ಒಂದು ಶಾಖೆಯಲ್ಲಿ, ನಾಲ್ಕನ್ನು ಇನ್ನೊಂದು ಶಾಖೆಯಲ್ಲಿ ಇಟ್ಟೆ. ಈಗ ಆ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಿದೆ. ಅಲ್ಲಿನ ಮ್ಯಾನೇಜರ್ ಮೊನ್ನೆ ಮೊನ್ನೆಯವರೆಗೂ “ಏನೂ ಆಗುವುದಿಲ್ಲ, ಅಮ್ಮಾ” ಎನ್ನುತ್ತಿದ್ದರು. ಎರಡೂ ಶಾಖೆಗಳಿಂದ ಪೂರ್ತಿ ಹಣ ಬರುತ್ತದೆಯೇ?

ಗುರುಪಾದ, ಕಲಬುರಗಿ

ಇಷ್ಟೆಲ್ಲ ಲೆಕ್ಕದ ಅಗತ್ಯವೇ ಇಲ್ಲ. ದೊಡ್ಡ ಸಾಲಗಾರರು ನುಂಗಿ ಕೂತಿದ್ದಾರೆ, ಆಡಳಿತದವರು ಕೈಜೋಡಿಸಿದ್ದಾರೆ, ಅದಕ್ಕೆ ಬ್ಯಾಂಕ್ ಮುಳುಗಿದೆ. 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಿಎಂಸಿ ಬ್ಯಾಂಕಿನಲ್ಲಿ ಏನಾಯಿತು ನೋಡಿ: ಕೊಟ್ಟ ಸಾಲದಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಒಂದೇ ರಿಯಲ್ ಎಸ್ಟೇಟ್ ಸಮೂಹಕ್ಕೆ ಹೋಗಿತ್ತು, ಅದನ್ನು ಮುಚ್ಚಿಡಲಾಗಿತ್ತು. ಮೊದಲು ಗ್ರಾಹಕರಿಗೆ ಸಾವಿರ ರೂಪಾಯಿಯ ಮಿತಿ ಹಾಕಿದರು. ಜನರು ಸಾಲಿನಲ್ಲಿ ನಿಂತದ್ದು ಕಾರಣವಲ್ಲ, ಕಳ್ಳತನದ ಪರಿಣಾಮ. ಮೀಸಲು, ಗುಣಕ ಇವೆಲ್ಲ ಅದನ್ನು ಮರೆಮಾಚುವ ಮಾತುಗಳು.

ವಸುಧಾ

ಮೊದಲು ಲಲಿತಮ್ಮನವರಿಗೆ, ಅವರದು ತುರ್ತಿನ ಪ್ರಶ್ನೆ. ಠೇವಣಿ ವಿಮಾ ನಿಗಮವಾದ ಡಿಐಸಿಜಿಸಿಯ ವಿಮೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ, ಅಸಲು ಬಡ್ಡಿ ಎರಡೂ ಸೇರಿ. ಶಾಖೆಗಳನ್ನೆಲ್ಲ ಕೂಡಿಸಿಯೇ ಲೆಕ್ಕ ಹಾಕುತ್ತಾರೆ, ಆದ್ದರಿಂದ ಶಾಖೆ ಬೇರೆ ಮಾಡಿದ್ದರಿಂದ ನಿಮಗೆ ಪ್ರಯೋಜನವಾಗದು. ಎರಡರಲ್ಲಿ ಒಂದು ಖಾತೆ ನಿಮ್ಮ ಯಜಮಾನರ ಜೊತೆ ಜಂಟಿಯಾಗಿದ್ದರೆ ಅದನ್ನು ಪ್ರತ್ಯೇಕವಾಗಿ ಪರಿಗಣಿಸುತ್ತಾರೆ, ಪಾಸ್‌ಬುಕ್ ನೋಡಿ ಹೇಳಿ. 2021ರ ತಿದ್ದುಪಡಿಯ ನಂತರ ಇಂಥ ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೆ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕು: ಮೊದಲ 45 ದಿನಗಳಲ್ಲಿ ಬ್ಯಾಂಕ್ ಪಟ್ಟಿ ಸಲ್ಲಿಸಬೇಕು, ಉಳಿದದ್ದರಲ್ಲಿ ನಿಗಮ ಪರಿಶೀಲಿಸಿ ಪಾವತಿಸಬೇಕು. ಹಣ ಪಡೆಯಲು ನಿಮ್ಮ ಒಪ್ಪಿಗೆ ಪತ್ರ ಮತ್ತು ಬೇರೆ ಬ್ಯಾಂಕಿನ ಖಾತೆಯ ವಿವರ ಕೇಳುತ್ತಾರೆ, ಅದನ್ನು ತಡಮಾಡದೆ ಕೊಡಿ. 5 ಲಕ್ಷದ ಮೇಲಿನದು ಬ್ಯಾಂಕ್ ಚೇತರಿಸಿಕೊಳ್ಳುತ್ತದೆಯೇ, ಬೇರೊಂದರಲ್ಲಿ ವಿಲೀನವಾಗುತ್ತದೆಯೇ ಎಂಬುದರ ಮೇಲೆ ನಿಂತಿದೆ.

ಗುರುಪಾದ ಅವರೇ, ಪಿಎಂಸಿಯ ವಿಷಯದಲ್ಲಿ ನೀವು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೆಟ್ಟ ಸಾಲ ಒಂದು ರೋಗ, ಠೇವಣಿದಾರರ ಓಟ ಇನ್ನೊಂದು. ಮೊದಲನೆಯದಿಲ್ಲದೆಯೂ ಎರಡನೆಯದು ಬರಬಹುದು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಕುಸಿದ ಮೇಲೆ ಐಸಿಐಸಿಐ ಬ್ಯಾಂಕಿನ ಬಗ್ಗೆ ವದಂತಿ ಹಬ್ಬಿ ಹಲವು ಊರುಗಳಲ್ಲಿ ಎಟಿಎಂ ಮುಂದೆ ಸಾಲು ಬೆಳೆಯಿತು. ಸೆಪ್ಟೆಂಬರ್ 30ರಂದು ರಿಸರ್ವ್ ಬ್ಯಾಂಕ್ ಹೇಳಿಕೆ ಹೊರಡಿಸಿ, ಆ ಬ್ಯಾಂಕಿನ ಬಳಿ ಸಾಕಷ್ಟು ಹಣವಿದೆ, ಶಾಖೆಗಳಿಗೂ ಎಟಿಎಂಗಳಿಗೂ ನಗದಿನ ವ್ಯವಸ್ಥೆ ಮಾಡಲಾಗಿದೆ ಎಂದಿತು. ಸಾಲು ಕರಗಿತು. 2003ರ ಏಪ್ರಿಲಿನಲ್ಲಿ ಗುಜರಾತಿನಲ್ಲಿಯೂ ಅದೇ ಬ್ಯಾಂಕಿನ ಮುಂದೆ ಇಂಥದೇ ವದಂತಿಯ ಸಾಲು ನಿಂತಿತ್ತು. ಎರಡು ಸಲವೂ ಬ್ಯಾಂಕ್ ಉಳಿಯಿತು.

ಯೆಸ್ ಬ್ಯಾಂಕಿನದು ಈ ಎರಡೂ ಬೆರೆತ ಪ್ರಕರಣ. ಅಲ್ಲಿ ಎಲ್ಲರೂ ನೆನಪಿಟ್ಟಿರುವುದು ಮಾರ್ಚ್ 5ರ ಸಂಜೆಯನ್ನು, ಆದರೆ ಓಟ ಶುರುವಾದದ್ದು ಅದಕ್ಕೂ ತಿಂಗಳುಗಳ ಮುಂಚೆ. 2019ರ ಸೆಪ್ಟೆಂಬರ್ ಕೊನೆಗೆ ಠೇವಣಿ ಸುಮಾರು 2.09 ಲಕ್ಷ ಕೋಟಿ ಇತ್ತು. ಡಿಸೆಂಬರ್ ಕೊನೆಗೆ 1.66 ಲಕ್ಷ ಕೋಟಿ. ಮಾರ್ಚ್ 5ಕ್ಕೆ 1.37 ಲಕ್ಷ ಕೋಟಿ. ಬೀದಿಯಲ್ಲಿ ಒಂದು ಸಾಲೂ ಕಾಣದೆ ಮೂರನೇ ಒಂದು ಭಾಗ ಹೋಗಿತ್ತು, ಏಕೆಂದರೆ ಮೊದಲು ಹೊರಟವರು ಶಾಖೆಗೆ ಬಂದು ನಿಲ್ಲುವವರಲ್ಲ. ಹಣಕಾಸು ಅಧಿಕಾರಿಗಳನ್ನು ಇಟ್ಟುಕೊಂಡಿರುವ ಕಂಪನಿಗಳು, ಟ್ರಸ್ಟುಗಳು. ತಿರುಮಲ ದೇವಸ್ಥಾನ ತಿಂಗಳುಗಳ ಮುಂಚೆಯೇ 1,300 ಕೋಟಿ ಹಿಂತೆಗೆದುಕೊಂಡಿತ್ತು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಪುರಿ ಜಗನ್ನಾಥ ದೇವಾಲಯದ ಐನೂರು ಕೋಟಿಗೂ ಹೆಚ್ಚಿನ ಠೇವಣಿ ನಿರ್ಬಂಧದಲ್ಲಿ ಸಿಕ್ಕಿಕೊಂಡಿತು. ಒಂದೇ ಬ್ಯಾಂಕು, ಎರಡು ದೇವಸ್ಥಾನ. ನಾನು ಹೇಳಿದ ಸರದಿ ಎಂದರೆ ಇದೇ.

ಚಿದಂಬರ, ತುಮಕೂರು

ವಸುಧಾ ಅವರೇ, ಬಹಳ ಸ್ಪಷ್ಟವಾಯಿತು. ಒಂದು ಸಂದೇಹ ಉಳಿದಿದೆ. ಠೇವಣಿಯಲ್ಲಿ ದೊಡ್ಡ ಭಾಗ ಎಫ್‌ಡಿ ಅಲ್ಲವೇ? ಒಂದು ವರ್ಷ, ಐದು ವರ್ಷ ಎಂದು ಕರಾರು ಮಾಡಿಕೊಂಡವರು ನಡುವೆ ಹೇಗೆ ಓಡಿಹೋಗುತ್ತಾರೆ?

ಹಳೇ ಕ್ಯಾಷಿಯರ್

ಇದಕ್ಕೆ ನಾನು ಹೇಳುತ್ತೇನೆ, ಮೇಷ್ಟ್ರೇ. ಎಫ್‌ಡಿ ರಸೀದಿಯ ಮೇಲೆ ಅವಧಿ ಬರೆದಿರುತ್ತದೆ, ಆದರೆ ಮಗಳ ಮದುವೆಗೆಂದೋ ಆಸ್ಪತ್ರೆಗೆಂದೋ ಬಂದವರಿಗೆ ನಾವು ಅದೇ ದಿನ ಮುರಿದುಕೊಡುತ್ತಿದ್ದೆವು. ಬಡ್ಡಿಯಲ್ಲಿ ಅರ್ಧ ಅಥವಾ ಒಂದು ಪರ್ಸೆಂಟ್ ಕಡಿತ, ಅಷ್ಟೇ. ಈಗಂತೂ ವ್ಯಕ್ತಿಗಳ ಒಂದು ಕೋಟಿಯವರೆಗಿನ ಠೇವಣಿಗೆ ಅವಧಿಗೆ ಮುನ್ನ ಹಿಂತೆಗೆಯುವ ಸೌಲಭ್ಯ ಕೊಡಲೇಬೇಕೆಂಬ ನಿಯಮವಿದೆ. ಮೊಬೈಲಿನಲ್ಲಿ ರಾತ್ರಿ ಹನ್ನೊಂದಕ್ಕೂ ಮುರಿಯಬಹುದು. ಅಸಲು ಹೋಗುವ ಭಯವಿರುವವನು ಒಂದು ಪರ್ಸೆಂಟಿಗೆ ಹೆದರುವುದಿಲ್ಲ. ಹಾಗಾಗಿ ಕಾಗದದ ಮೇಲೆ ಐದು ವರ್ಷದ ಹಣ, ಭಯದ ದಿನ ಉಳಿತಾಯ ಖಾತೆಯ ಹಣವೇ.

ಇನ್ನೊಂದು ಮಾತು. ನಮ್ಮ ಕಾಲದಲ್ಲಿ ಗಾಬರಿಗೊಂಡವರನ್ನು ನಿಧಾನಗೊಳಿಸುವ ಒಂದು ಉಪಾಯ ಇತ್ತು: ಹಣ ಎಣಿಸುವುದನ್ನು ಕಾಣುವಂತೆ ಮಾಡುವುದು, ಕೌಂಟರಿನ ಹಿಂದೆ ಕಂತೆಗಳನ್ನು ಎತ್ತರಕ್ಕೆ ಜೋಡಿಸಿಡುವುದು. ವ್ಯವಸ್ಥಾಪಕರು ಬಾಗಿಲಲ್ಲೇ ನಿಂತು ಎಲ್ಲರಿಗೂ ಚಹಾ ಕೊಡಿಸುತ್ತಿದ್ದರು. ಅರ್ಧ ಜನ ಕಂತೆ ನೋಡಿಯೇ ಮನೆಗೆ ಹೋಗುತ್ತಿದ್ದರು. ಮೊಬೈಲಿನ ಮುಂದೆ ಯಾವ ಕಂತೆ ತೋರಿಸುವುದು?

ನಂದೀಶ, ಸ್ಯಾನ್ ಹೋಸೆ

ಕ್ಯಾಷಿಯರ್ ಅವರ ಕೊನೆಯ ಮಾತಿಗೆ ನಾನಿರುವ ಊರಿನ ಪಕ್ಕದಲ್ಲೇ ನಡೆದ ಉದಾಹರಣೆ ಇದೆ. 2023ರ ಮಾರ್ಚ್ 8ರಂದು ಸಿಲಿಕಾನ್ ವ್ಯಾಲಿ ಬ್ಯಾಂಕ್ ಸುಮಾರು 2,100 ಕೋಟಿ ಡಾಲರಿನ ಬಾಂಡುಗಳನ್ನು ಮಾರಿ 180 ಕೋಟಿ ಡಾಲರ್ ನಷ್ಟವಾಗಿದೆ, ಹೊಸ ಬಂಡವಾಳ ಎತ್ತುತ್ತೇವೆ ಎಂದು ಪ್ರಕಟಿಸಿತು. ಮರುದಿನ ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ಹೊರಹೋಯಿತು. ಅದರ ಮರುದಿನಕ್ಕೆ ಇನ್ನೂ 10,000 ಕೋಟಿ ಡಾಲರಿನ ಕೋರಿಕೆಗಳು ಕಾದಿದ್ದವು, ಆದರೆ 10ರ ಬೆಳಗ್ಗೆಯೇ ಬ್ಯಾಂಕನ್ನು ಮುಚ್ಚಲಾಯಿತು. ಇಲ್ಲಿನ ನವೋದ್ಯಮಗಳ ಸ್ಥಾಪಕರೆಲ್ಲ ಒಂದೇ ವಾಟ್ಸ್ಯಾಪ್ ಗುಂಪುಗಳಲ್ಲಿದ್ದರು, ಒಂದೇ ಹೂಡಿಕೆದಾರರ ಮಾತು ಕೇಳುತ್ತಿದ್ದರು, ಅವರ ಠೇವಣಿಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ವಿಮೆಯ ಮಿತಿಯಾದ ಎರಡೂವರೆ ಲಕ್ಷ ಡಾಲರಿನ ಆಚೆಗಿತ್ತು.

ವಸುಧಾ ಅವರ ಲೆಕ್ಕಕ್ಕೆ ಒಂದು ತಿದ್ದುಪಡಿಯನ್ನೂ ಇದು ಸೂಚಿಸುತ್ತದೆ. ಅವರು ಸರ್ಕಾರಿ ಬಾಂಡುಗಳನ್ನು ಪೂರ್ಣ ಬೆಲೆಗೆ ಮಾರಿದಂತೆ ಹಿಡಿದಿದ್ದಾರೆ. ಆ ಬ್ಯಾಂಕು ಬಡ್ಡಿ ಕಡಿಮೆಯಿದ್ದಾಗ ದೀರ್ಘಾವಧಿಯ ಬಾಂಡುಗಳನ್ನು ಕೊಂಡು ಕೂತಿತ್ತು. 2022ರಲ್ಲಿ ಬಡ್ಡಿದರ ಏರಿದಂತೆ ಅವುಗಳ ಬೆಲೆ ಇಳಿಯಿತು. ಮಾರದೆ ಇಟ್ಟುಕೊಂಡರೆ ಆ ನಷ್ಟ ಪುಸ್ತಕದಲ್ಲಿ ಕಾಣಿಸುವುದಿಲ್ಲ, ಜನರು ಹಣ ಕೇಳಿದ ದಿನ ಮಾರಲೇಬೇಕಾಗುತ್ತದೆ. ಅಲ್ಲಿ ಯಾರೂ ಕದ್ದಿರಲಿಲ್ಲ, ಗುರುಪಾದ ಅವರೇ. ಬಾಂಡುಗಳೂ ಖೋಟಾ ಆಗಿರಲಿಲ್ಲ.

ವಸುಧಾ

ನಂದೀಶ ಅವರು ಹೇಳಿದ್ದು ಸರಿ, ಲೆಕ್ಕವನ್ನು ಸುಲಭ ಮಾಡುವ ಭರದಲ್ಲಿ ಬಾಂಡುಗಳ ಬೆಲೆಯನ್ನು ನಾನು ಮುಟ್ಟಲಿಲ್ಲ. ಇಲ್ಲಿಯೇ ಕೇಂದ್ರ ಬ್ಯಾಂಕಿನ ಪಾತ್ರ ಬರುತ್ತದೆ. ಬಾಂಡ್ ಮಾರುವ ಬದಲು ಅದನ್ನು ರಿಸರ್ವ್ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಹಣ ಪಡೆದರೆ ಮಾರಾಟದ ನಷ್ಟ ತಪ್ಪುತ್ತದೆ. ನಮ್ಮಲ್ಲಿ ಪ್ರತಿದಿನವೂ ಇದು ನಡೆಯುತ್ತದೆ. ತುರ್ತಿದ್ದರೆ ಎಸ್‌ಎಲ್‌ಆರ್ ಬಾಂಡುಗಳಲ್ಲಿಯೇ ಠೇವಣಿಯ ಶೇಕಡಾ 2ರಷ್ಟರವರೆಗೆ ಒಂದಿಷ್ಟು ಹೆಚ್ಚು ಬಡ್ಡಿಗೆ ಒತ್ತೆಯಿಡಬಹುದು. ಚೆನ್ನಾಗಿರುವ ಬ್ಯಾಂಕನ್ನು ವದಂತಿಯಿಂದ ಉಳಿಸಲು ಸಾಮಾನ್ಯವಾಗಿ ಇದು ಸಾಕು.

ಯೆಸ್ ಬ್ಯಾಂಕಿಗೆ ಮಾತ್ರ ಇದರಿಂದ ಪರಿಹಾರ ಸಿಗುವಂತಿರಲಿಲ್ಲ. ಮಾರ್ಚ್ 14ರಂದು ಕೊನೆಗೂ ಪ್ರಕಟವಾದ ಡಿಸೆಂಬರ್ ತ್ರೈಮಾಸಿಕದ ಲೆಕ್ಕದಲ್ಲಿ ನಷ್ಟ 18,564 ಕೋಟಿ, ವಸೂಲಾಗದ ಸಾಲ ಒಟ್ಟು ಸಾಲದ ಶೇಕಡಾ 18.87. ಇಷ್ಟು ಬಂಡವಾಳ ಕರಗಿದ ಬ್ಯಾಂಕಿಗೆ ಕೈಬದಲು ಸಾಲ ಕೊಟ್ಟರೆ ಓಟ ಮುಂದೂಡಬಹುದಷ್ಟೇ. ಹಾಗಾಗಿಯೇ ಹಣ ಹೊರಹೋಗುವುದನ್ನು ಮೊದಲು ತಡೆದು, ನಂತರ ಎಸ್‌ಬಿಐ ಮುಂದಾಳತ್ವದಲ್ಲಿ ಐಸಿಐಸಿಐ, ಎಚ್‌ಡಿಎಫ್‌ಸಿ, ಆಕ್ಸಿಸ್ ಮೊದಲಾದ ಬ್ಯಾಂಕುಗಳಿಂದ ಹೊಸ ಬಂಡವಾಳ ತುಂಬಿಸಿದರು. ಮಾರ್ಚ್ 18ರ ಸಂಜೆ ನಿರ್ಬಂಧ ತೆರವಾಯಿತು. ಠೇವಣಿದಾರರು ಒಂದು ರೂಪಾಯಿಯನ್ನೂ ಕಳೆದುಕೊಳ್ಳಲಿಲ್ಲ. ಬ್ಯಾಂಕ್ ಕುಸಿದರೆ ಹಣ ಹೋಗಬಹುದೆಂಬ ಷರತ್ತಿನ ಎಟಿ-1 ಬಾಂಡುಗಳನ್ನು ಕೊಂಡವರ 8,415 ಕೋಟಿಯನ್ನು ಸೊನ್ನೆ ಮಾಡಲಾಯಿತು, ಅದರ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಬಾಗಿಲು ತೆರೆದ ಮೇಲೂ ಹಣ ಹೋಗುವುದು ನಿಲ್ಲಲಿಲ್ಲ: ಮಾರ್ಚ್ ಕೊನೆಗೆ ಠೇವಣಿ 1.05 ಲಕ್ಷ ಕೋಟಿಗೆ ಇಳಿದಿತ್ತು, ಅಂದರೆ ಆರು ತಿಂಗಳಲ್ಲಿ ಅರ್ಧಕ್ಕರ್ಧ.

ಚಿದಂಬರ ಅವರ ಮೂಲ ಪ್ರಶ್ನೆಗೆ ಉತ್ತರವೂ ಇಲ್ಲಿದೆ. 50,000ದ ಮಿತಿ ಹಾಕಿದ್ದು ತಿಜೋರಿ ಖಾಲಿಯಾಗಿತ್ತೆಂದಲ್ಲ. ಉಳಿದಿದ್ದ ಆಸ್ತಿಯನ್ನು ಮೊದಲು ಬಂದವರಿಗೆ ಪೂರ್ತಿ ಕೊಟ್ಟು ಬಿಡುವುದನ್ನು ತಪ್ಪಿಸಿ, ಸರದಿಯನ್ನೇ ಕೆಲವು ದಿನ ರದ್ದು ಮಾಡಿದ ಕ್ರಮ ಅದು. ಚಿಕಿತ್ಸೆ, ಶಿಕ್ಷಣ, ಮದುವೆಯಂಥ ಖರ್ಚಿಗೆ 5 ಲಕ್ಷದವರೆಗೆ ವಿನಾಯಿತಿ ಇತ್ತು.

ಅರುಣೋದಯ

ಗುಣಕದ ವಿಷಯದಲ್ಲಿ ವಸುಧಾ ಅವರ ವಿವರಣೆ ಒಪ್ಪುತ್ತೇನೆ. ಆದರೆ ನನ್ನ ಮೂಲ ಆಕ್ಷೇಪ ಹಾಗೆಯೇ ಇದೆ. ಕೇಳಿದ ಕ್ಷಣ ಕೊಡುತ್ತೇನೆ ಎಂದು ನೂರು ಜನರಿಗೆ ಮಾತು ಕೊಟ್ಟು, ಹತ್ತು ಜನಕ್ಕೆ ಸಾಲುವಷ್ಟು ಕೈಯಲ್ಲಿಟ್ಟುಕೊಳ್ಳುವ ವ್ಯವಸ್ಥೆಯನ್ನು ವಿಮೆ, ಒತ್ತೆ, ನಿರ್ಬಂಧ ಎಂದು ತೇಪೆ ಹಾಕುತ್ತಾ ನಡೆಸುವುದೇಕೆ? ಉಳಿತಾಯ ಖಾತೆಯ ಹಣವನ್ನು ನೂರಕ್ಕೆ ನೂರು ರಿಸರ್ವ್ ಬ್ಯಾಂಕಿನಲ್ಲೇ ಇಡಲಿ, ಸಾಲ ಕೊಡುವುದಕ್ಕೆ ಮುರಿಯಲಾಗದ ಠೇವಣಿಗಳನ್ನು ಮಾತ್ರ ಬಳಸಲಿ. ಆಗ ಓಡುವ ಪ್ರಶ್ನೆಯೇ ಇಲ್ಲ.

ವಸುಧಾ

ಸಾಧ್ಯವಿಲ್ಲವೆಂದು ಹೇಳುವುದಿಲ್ಲ, ಅದರ ಬೆಲೆ ಹೇಳುತ್ತೇನೆ. ಆಗ ಉಳಿತಾಯ ಖಾತೆಗೆ ಬಡ್ಡಿ ಬರುವುದಿರಲಿ, ಖಾತೆ ಇಟ್ಟುಕೊಳ್ಳಲು ನೀವೇ ಶುಲ್ಕ ಕೊಡಬೇಕಾಗಬಹುದು. ಮುರಿಯಲಾಗದ ಠೇವಣಿಗೆ ಜನರು ಹೆಚ್ಚು ಬಡ್ಡಿ ಕೇಳುತ್ತಾರೆ, ಅದು ಗೃಹಸಾಲದ ಮೇಲೆ ಬೀಳುತ್ತದೆ. ಜೊತೆಗೆ, ಜನರಿಗೆ ಬೇಕಾದಾಗ ಸಿಗುವ, ಬಡ್ಡಿಯೂ ಬರುವ ಖಾತೆ ಬೇಕು ಎಂಬ ಆಸೆ ಕಾಯ್ದೆಯಿಂದ ಹೋಗುವುದಿಲ್ಲ. ಅದನ್ನು ಕೊಡಲು ಬ್ಯಾಂಕಲ್ಲದ ಬೇರೆ ಯಾರೋ ಹುಟ್ಟಿಕೊಳ್ಳುತ್ತಾರೆ, ಓಟ ಅಲ್ಲಿಗೆ ಸ್ಥಳಾಂತರವಾಗುತ್ತದೆ. ಇದರಲ್ಲಿ ಅರ್ಥಶಾಸ್ತ್ರಜ್ಞರಲ್ಲೇ ಒಮ್ಮತವಿಲ್ಲ, ನಾವಿಬ್ಬರು ಇಲ್ಲಿ ತೀರ್ಮಾನಿಸಲಾರೆವು.

ಗುರುಪಾದ, ಕಲಬುರಗಿ

ವಿಮೆಯನ್ನು ತೇಪೆ ಎನ್ನಬೇಡಿ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿದಾಗ ಠೇವಣಿದಾರರಿಗೆ ಯಾವ ವಿಮೆಯೂ ಇರಲಿಲ್ಲ. ಠೇವಣಿ ವಿಮಾ ನಿಗಮ 1962ರ ಜನವರಿಯಲ್ಲಿ ಶುರುವಾದದ್ದೇ ಅದರ ನಂತರ, 1,500 ರೂಪಾಯಿಯ ಮಿತಿಯೊಂದಿಗೆ. 1993ರಲ್ಲಿ ಒಂದು ಲಕ್ಷ ಮಾಡಿದವರು 2020ರ ಫೆಬ್ರವರಿವರೆಗೆ ಅಲ್ಲೇ ಬಿಟ್ಟರು. ಪಿಎಂಸಿಯ ಜನ ಬೀದಿಗೆ ಬಾರದಿದ್ದರೆ ಐದು ಲಕ್ಷವೂ ಆಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಲಲಿತಮ್ಮನಂಥವರಿಗೆ ಐದು ಸಾಲದು, ನಿವೃತ್ತಿಯ ಹಣವನ್ನಾದರೂ ಪೂರ್ತಿ ವಿಮೆ ಮಾಡಬೇಕು.

ಹಳೇ ಕ್ಯಾಷಿಯರ್

ಪೂರ್ತಿ ವಿಮೆ ಮಾಡಿದರೆ ಹೆಚ್ಚು ಬಡ್ಡಿ ಕೊಡುವ ಕೆಟ್ಟ ಬ್ಯಾಂಕನ್ನೇ ಜನ ಹುಡುಕಿಕೊಂಡು ಹೋಗುತ್ತಾರೆ, ಗುರುಪಾದಪ್ಪನವರೇ. ಕೆಟ್ಟರೆ ಕಟ್ಟಿಕೊಡುವವರು ಇದ್ದಾರಲ್ಲ ಎಂದು. ನಾನೇ ಕೌಂಟರಿನಲ್ಲಿ ಕೂತು ನೋಡಿದ್ದೇನೆ, ಕಾಲು ಪರ್ಸೆಂಟಿಗೆ ಹಣ ಎತ್ತಿಕೊಂಡು ಹೋದವರನ್ನು.

ಚಿದಂಬರ, ತುಮಕೂರು

ಹಾಗಾದರೆ ಸಾಮಾನ್ಯ ಠೇವಣಿದಾರ ಮುಂಚಿತವಾಗಿ ತಿಳಿಯುವ ಬಗೆ ಯಾವುದು? ತಿರುಮಲದವರು ಕಂಡದ್ದನ್ನು ನನ್ನ ವಿದ್ಯಾರ್ಥಿನಿಯ ತಂದೆ ಕಾಣಬಹುದಿತ್ತೇ?

ವಸುಧಾ

ಸ್ವಲ್ಪ ಮಟ್ಟಿಗೆ ಕಾಣಬಹುದಿತ್ತು. ಷೇರುಪೇಟೆಯಲ್ಲಿರುವ ಬ್ಯಾಂಕುಗಳು ಮೂರು ತಿಂಗಳಿಗೊಮ್ಮೆ ಲೆಕ್ಕ ಪ್ರಕಟಿಸಬೇಕು. ಅದರಲ್ಲಿ ನಾನು ಮೊದಲು ನೋಡುವುದು ಲಾಭವನ್ನಲ್ಲ, ಒಟ್ಟು ಠೇವಣಿ ಹಿಂದಿನ ತ್ರೈಮಾಸಿಕಕ್ಕಿಂತ ಇಳಿದಿದೆಯೇ ಎಂಬುದನ್ನು. ಬೆಳೆಯುವ ಆರ್ಥಿಕತೆಯಲ್ಲಿ ಬ್ಯಾಂಕೊಂದರ ಠೇವಣಿ ಇಳಿಯುವುದು ಸಹಜವಲ್ಲ. ಎರಡನೆಯದು, ಲೆಕ್ಕ ಸಮಯಕ್ಕೆ ಬಂತೇ ಎಂಬುದು. ಯೆಸ್ ಬ್ಯಾಂಕ್ 2020ರ ಫೆಬ್ರವರಿಯಲ್ಲಿ ಡಿಸೆಂಬರ್ ತ್ರೈಮಾಸಿಕದ ಫಲಿತಾಂಶವನ್ನು ಮಾರ್ಚ್ 14ರವರೆಗೆ ಮುಂದೂಡುವುದಾಗಿ ಹೇಳಿತು. ನಿರ್ಬಂಧ ಬೀಳುವುದಕ್ಕೆ ಮೂರು ವಾರ ಮುಂಚೆ ಎಲ್ಲರೂ ಓದಬಹುದಾಗಿದ್ದ ಪ್ರಕಟಣೆ ಅದು. ಸಣ್ಣ ಸಹಕಾರಿ ಬ್ಯಾಂಕುಗಳಲ್ಲಿ ಇಷ್ಟೂ ಸಿಗುವುದಿಲ್ಲ, ವಾರ್ಷಿಕ ಮಹಾಸಭೆಯ ವರದಿಯೇ ಗತಿ.

ಅರುಣೋದಯ

ಎಲ್ಲರೂ ಆ ಪ್ರಕಟಣೆ ಓದಿ ಅಂದೇ ಹೊರಟಿದ್ದರೆ ನಿರ್ಬಂಧ ಮಾರ್ಚ್ 5ರ ಬದಲು ಫೆಬ್ರವರಿಯಲ್ಲೇ ಬೀಳುತ್ತಿತ್ತು. ನೀವು ಕಲಿಸುತ್ತಿರುವುದು ಸರದಿಯಲ್ಲಿ ಮುಂದೆ ನಿಲ್ಲುವುದನ್ನು.

ವಸುಧಾ

ಹೌದು, ಅದನ್ನು ಅಲ್ಲಗಳೆಯಲಾರೆ. ಆದರೆ 5 ಲಕ್ಷದೊಳಗಿನ ಹಣ ಇರುವವರು ಆ ಸರದಿಗೆ ಸೇರುವ ಅಗತ್ಯವಿಲ್ಲ, ಅದಕ್ಕಿಂತ ಹೆಚ್ಚಿರುವವರು ಶಾಂತವಾಗಿದ್ದ ದಿನಗಳಲ್ಲೇ ಬೇರೆ ಬೇರೆ ಬ್ಯಾಂಕುಗಳಲ್ಲಿ ಹಂಚಿಟ್ಟರೆ ಅವರೂ ಓಡಬೇಕಾಗಿಲ್ಲ.

ಲಲಿತಾ, ರಾಜಾಜಿನಗರ

ಪಾಸ್‌ಬುಕ್ ತೆಗೆದು ನೋಡಿದೆ. ನಾಲ್ಕು ಲಕ್ಷದ ಖಾತೆಯಲ್ಲಿ ನನ್ನ ಹೆಸರಿನ ಮುಂದೆ ಯಜಮಾನರ ಹೆಸರೂ ಇದೆ, ಆದರೆ “ನಾಮಿನಿ” ಎಂದು ಬರೆದಿದೆಯೋ “ಜಂಟಿ” ಎಂದೋ ಮಸಿ ಹರಡಿ ತಿಳಿಯುತ್ತಿಲ್ಲ. ಸೋಮವಾರ ಶಾಖೆಗೆ ಹೋಗಿ ಖಾತೆ ತೆರೆದಾಗಿನ ಅರ್ಜಿಯ ಪ್ರತಿ ಕೇಳುತ್ತೇನೆ. ಕೊಡಲಿಲ್ಲವೆಂದರೆ ಯಾರಿಗೆ ಬರೆಯಬೇಕು ಎಂದು ದಯವಿಟ್ಟು ತಿಳಿಸಿ.

ವಸುಧಾ

ನಾಮಿನಿ ಆಗಿದ್ದರೆ ಖಾತೆ ನಿಮ್ಮೊಬ್ಬರದೇ ಎಂದು ಲೆಕ್ಕ. ಆಗ ಒಂಬತ್ತಕ್ಕೆ ಐದೇ. ಜಂಟಿ ಆಗಿದ್ದರೆ ಅದು ಬೇರೆಯೇ ಲೆಕ್ಕಕ್ಕೆ ಹೋಗಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಪ್ರತಿಯನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಲಿಖಿತ ಅರ್ಜಿ ಕೊಟ್ಟು ಅದರ ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಕೊಡದಿದ್ದರೆ ಮೊದಲು ಅದೇ ಬ್ಯಾಂಕಿನ ಮುಖ್ಯ ಕಚೇರಿಗೆ ಬರೆಯಿರಿ, ಆ ಬಳಿಕ ರಿಸರ್ವ್ ಬ್ಯಾಂಕಿಗೆ ದೂರು ಸಲ್ಲಿಸಿ. ಸೀಲು ಬಿದ್ದ ನಕಲು ಆಗ ಬೇಕಾಗುತ್ತದೆ.